ನಾಲ್ಕು ಜನರ ಗೇಮ್‌ಗೆ ಸರ್ವರ್ ಬೇಕಾ?

ನಾವು ಮೂರು ಜನ ಸೇರಿ, ನಾಲ್ವರು ಒಟ್ಟಿಗೆ ಆಡುವ ಒಂದು ಚಿಕ್ಕ ಗೇಮ್ ಮಾಡುತ್ತಿದ್ದೆವು. ನೆಟ್‌ವರ್ಕ್ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿ ದುಡ್ಡು ಕಮ್ಮಿ, ಹಾಗಾಗಿ ಆಟ ನಡೆಸಲೆಂದೇ ಸದಾ ಓಡುವ ಡೆಡಿಕೇಟೆಡ್ ಸರ್ವರ್ ಮೊದಲೇ ಬೇಡ ಅಂದೆ. ಆಟಗಾರರು ಎದುರಾಳಿಗಳಾಗಿದ್ದರೆ ಮೋಸ ತಡೆಯಲು ಅದು ಬೇಕಾಗುತ್ತಿತ್ತು. ಇಲ್ಲಿ ನಾಲ್ವರೂ ಒಂದೇ ಪಕ್ಷ. ಯಾರೂ ಆಡದ ಹೊತ್ತಿಗೂ ಮೆಷಿನ್‌ಗೆ ಬಾಡಿಗೆ ಕಟ್ಟುವುದು ಸುಮ್ನೆ ದಂಡ ಅಲ್ವಾ? ಒಬ್ಬರ ಕಂಪ್ಯೂಟರೇ ಹೋಸ್ಟ್, ಉಳಿದ ಮೂವರು ಅದಕ್ಕೆ ನೇರವಾಗಿ ಸೇರುವುದು ಅಂತ ತೀರ್ಮಾನಿಸಿದೆ.

ಆಫೀಸಿನಲ್ಲಿ ಚೆನ್ನಾಗಿ ಓಡಿತು. ಎಲ್ಲರೂ ಒಂದೇ ರೂಟರ್ ಹಿಂದೆ ಇದ್ದೆವು, ಓಡದೆ ಏನು ಮಾಡೀತು. ಹೊರಗಿನವರಿಗೆ ಕೊಟ್ಟ ಮೊದಲ ದಿನ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಬಂದ ಒಬ್ಬರಿಗೆ ಸೇರಲು ಆಗಲೇ ಇಲ್ಲ. ನನ್ನ ಕೋಡ್‌ನಲ್ಲೇ ತಪ್ಪಿದೆ ಎಂದು ಎರಡು ದಿನ ಹುಡುಕಿದೆ. ಕೊನೆಗೆ ಅವರ ಕಡೆಯಿಂದ ಒಂದೇ ಸಾಕೆಟ್‌ನಲ್ಲಿ ಎರಡು ಸ್ಟನ್ ಸರ್ವರ್‌ಗಳನ್ನು ಕೇಳಿಸಿದೆ. 'ಹೊರಗಿನವರಿಗೆ ನಾನು ಯಾವ ಪೋರ್ಟ್‌ನಲ್ಲಿ ಕಾಣುತ್ತೇನೆ' ಅನ್ನುವುದಷ್ಟೇ ಪ್ರಶ್ನೆ. ಒಂದು 41022 ಎಂದಿತು, ಇನ್ನೊಂದು 53817. ಒಳಗಿನ ವಿಳಾಸ, ಪೋರ್ಟ್‌ಗಳನ್ನು ಹೊರಗಿನವರಿಗೆ ಬೇರೆಯಾಗಿ ತೋರಿಸುವ ಕೆಲಸಕ್ಕೆ ನ್ಯಾಟ್ ಅನ್ನುತ್ತಾರೆ. ಪೋರ್ಟ್ ಬೇರೆ ಬೇರೆ ಬಂದರೆ ಅದು ಸಿಮೆಟ್ರಿಕ್ ನ್ಯಾಟ್. ಎದುರಿನವರು ಬದಲಾದ ಹಾಗೆ ಪೋರ್ಟೂ ಬದಲಾಗುತ್ತದೆ. ಸ್ಟನ್ ಹೇಳಿದ ಪೋರ್ಟ್‌ಗೆ ನಮ್ಮ ಹೋಸ್ಟ್ ಪ್ಯಾಕೆಟ್ ಕಳಿಸುತ್ತಿತ್ತು. ಅವರ ಪ್ಯಾಕೆಟ್ ಮಾತ್ರ ಮೂರನೆಯ ಪೋರ್ಟ್‌ನಿಂದ ಬರುತ್ತಿತ್ತು. ಪರಿಚಯವಿಲ್ಲದ ಪೋರ್ಟ್ ಎಂದು ಹೋಸ್ಟ್‌ನ ರೂಟರ್ ಅದನ್ನು ಬಿಸಾಡುತ್ತಿತ್ತು.

ಇಂಥವರಿಗೆ ರಿಲೇ ಬೇಕೇ ಬೇಕು. ಎರಡೂ ಕಡೆಯವರು ರಿಲೇಗೆ ಸೇರುತ್ತಾರೆ, ಅದು ಆಟದ ಲೆಕ್ಕ ಏನೂ ಮಾಡದೆ ಪ್ಯಾಕೆಟ್‌ಗಳನ್ನು ದಾಟಿಸುತ್ತದೆ. ಖರ್ಚಿನ ಭಯ ಇತ್ತು, ಕೂತು ಲೆಕ್ಕ ಹಾಕಿದೆ. ಹೋಸ್ಟ್ ಪ್ರತಿಯೊಬ್ಬರಿಗೂ ಸೆಕೆಂಡಿಗೆ 20 ಸಲ 200 ಬೈಟ್ ಕಳಿಸುತ್ತದೆ. ಮೂವರೂ ಅಷ್ಟೇ ಸಲ 60 ಬೈಟ್ ವಾಪಸ್ ಕಳಿಸುತ್ತಾರೆ. ಗಂಟೆಗೆ ಸುಮಾರು 56 ಎಂಬಿ ಬಂತು. ಆಮೇಲೆ ನೆನಪಾಯಿತು, ಪ್ರತಿ ಪ್ಯಾಕೆಟ್‌ಗೂ ಐಪಿ ಮತ್ತು ಯುಡಿಪಿ ಹೆಡರ್ ಸೇರಿ ಇನ್ನೂ 28 ಬೈಟ್ ಇದೆ. 60 ಬೈಟ್‌ನ ಪ್ಯಾಕೆಟ್‌ಗೆ ಅದು ಹೆಚ್ಚುಕಮ್ಮಿ ಅರ್ಧದಷ್ಟು! ಸೇರಿಸಿದರೆ ಗಂಟೆಗೆ 68 ಎಂಬಿ. ಎಲ್ಲರೂ ರಿಲೇ ಮೇಲೇ 100 ಗಂಟೆ ಆಡಿದರೂ ಏಳು ಜಿಬಿ ದಾಟುವುದಿಲ್ಲ. ಚಿಕ್ಕ ಬಾಡಿಗೆ ಮೆಷಿನ್‌ಗೆ ಅದೊಂದು ಭಾರವೇ ಅಲ್ಲ.

ಈಗ ಎಲ್ಲರೂ ಮೊದಲು ರಿಲೇ ಮೂಲಕವೇ ಸೇರುತ್ತಾರೆ, ಯಾರೂ ಕಾಯಬೇಕಿಲ್ಲ. ಹಿಂದೆ ನೇರ ದಾರಿಯ ಪ್ರಯತ್ನ ನಡೆಯುತ್ತಿರುತ್ತದೆ, ಸಿಕ್ಕ ತಕ್ಷಣ ಅದಕ್ಕೆ ಬದಲಾಗುತ್ತದೆ. ರಿಲೇ ಎಲ್ಲಿದೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ಪಕ್ಕಪಕ್ಕದ ಇಬ್ಬರ ಪ್ಯಾಕೆಟ್ ದೂರದ ದೇಶಕ್ಕೆ ಹೋಗಿ ಬಂದರೆ ಆಟ ಎಳೆದಾಡುತ್ತದೆ.

ಹೋಸ್ಟ್ ಎದ್ದು ಹೋದರೆ ಆಟ ನಿಲ್ಲುವ ತೊಂದರೆ ರಿಲೇಯಿಂದ ಹೋಗುವುದಿಲ್ಲ. ಅದಕ್ಕೆ ಪ್ರತಿ 30 ಸೆಕೆಂಡಿಗೆ ಆಟದ ಸ್ಥಿತಿಯ ಒಂದು ಪ್ರತಿಯನ್ನು ಉಳಿದ ಮೂವರಿಗೂ ಕಳಿಸುತ್ತೇವೆ. ಹೋಸ್ಟ್ ಹೋದರೆ ಅವರಲ್ಲೊಬ್ಬರು ಅಲ್ಲಿಂದಲೇ ಮುಂದುವರಿಸುತ್ತಾರೆ.