ಮಿಕ್ಸಿ ಬದಲು ಕೆಟಲ್ ಬಂದ ರಾಣೆಬೆನ್ನೂರಿನ ಕಾಲ್

ಬೆಂಗಳೂರಲ್ಲಿ ಒಂದು ಆನ್‌ಲೈನ್ ಶಾಪಿಂಗ್ ಕಂಪನಿಯ ಕಸ್ಟಮರ್ ಕೇರಲ್ಲಿ, ಕನ್ನಡ ಪ್ರೋಸೆಸ್‌ನಲ್ಲಿ ಎರಡು ವರ್ಷ ಕಾಲ್ ತಗೊಂಡಿದೀನಿ. ದಸರಾ ಸೇಲ್ ಮುಗಿದ ಮೇಲಿನ ವಾರ ಅಂದ್ರೆ ನಮಗೆ ಸುಗ್ಗಿ, ಒಂದು ಕಾಲ್ ಇಟ್ಟ ತಕ್ಷಣ ಇನ್ನೊಂದು ಬೀಪ್, ಅದ್ರಲ್ಲಿ ಅರ್ಧಕ್ಕರ್ಧ ಒಡೆದು ಬಂತು, ಬೇರೆ ಬಂತು ಅನ್ನೋರೇ.

ಟ್ರೈನಿಂಗಲ್ಲಿ ಕೊಟ್ಟಿದ್ದ ಸ್ಕ್ರಿಪ್ಟ್ ಬಗ್ಗೆ ಮೊದಲು ಹೇಳ್ಬೇಕು. ಯಾರೋ ಇಂಗ್ಲಿಷಿಂದ ಎತ್ತಿ ಕನ್ನಡಕ್ಕೆ ಹಾಕಿದ್ದು. "ನಿಮ್ಮ ಹತಾಶೆಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಉಂಟಾದ ಅನಾನುಕೂಲತೆಗಾಗಿ ಪ್ರಾಮಾಣಿಕವಾಗಿ ಕ್ಷಮೆ ಯಾಚಿಸುತ್ತೇವೆ." ನಮ್ಮನೇಲಿ ಯಾರಾದ್ರೂ ಹೀಗೆ ಮಾತಾಡಿದ್ರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡ್ತಾರೆ. ಇದನ್ನ ಕಾಲ್ ಶುರುವಾದ ಮೊದಲ ನಿಮಿಷದಲ್ಲೇ ಹೇಳ್ಬೇಕು, ಇಲ್ಲಾಂದ್ರೆ ನಮ್ಮ ಕಾಲ್ ಕೇಳಿ ಮಾರ್ಕ್ ಹಾಕೋ ಕ್ವಾಲಿಟಿಯವ್ರು ಮಾರ್ಕ್ ಕಟ್ ಮಾಡ್ತಾರೆ.

ಅವತ್ತು ಮಂಗಳವಾರ, ಮಧ್ಯಾಹ್ನ ಊಟ ಮುಗಿಸಿ ಬಂದು ಲಾಗಿನ್ ಆಗಿ ನಮಸ್ಕಾರ ಅನ್ನೋಷ್ಟರಲ್ಲಿ ಆ ಕಡೆಯಿಂದ ಶುರುವಾಯ್ತು. "ಏನ್ರೀ ನೀವು, ಮೂರ್ನೇ ಸಲ ಫೋನ್ ಹಚ್ಚಾಕತ್ತೀನಿ, ಡಬ್ಬಿ ಹರಿದು ಬಂದೈತಿ, ಮಿಕ್ಸಿ ತರ್ಸಿದ್ರ ಒಳಗ ಚಾ ಕಾಸೋ ಕೆಟ್ಲಿ ಐತಿ, ನಾನೇನ್ ಚಾದಂಗಡಿ ಇಡ್ಲೇನು?" ನಗು ಬಂತು, ಮ್ಯೂಟ್ ಮಾಡ್ಲಿಲ್ಲ, ತುಟಿ ಕಚ್ಚಿಕೊಂಡೆ. ರಾಣೆಬೆನ್ನೂರಿನೋರು, ವಯಸ್ಸು ಅರವತ್ತರ ಹತ್ರ ಇರ್ಬೇಕು ದನಿ ನೋಡಿದ್ರೆ.

ಇಲ್ಲಿ ಎಲ್ರೂ ಮಾಡೋ ತಪ್ಪು ಅಂದ್ರೆ ಮಧ್ಯಕ್ಕೆ ಬಾಯಿ ಹಾಕಿ "ಸರ್ ಆರ್ಡರ್ ನಂಬರ್ ಹೇಳಿ" ಅನ್ನೋದು. ರಿಜಿಸ್ಟರ್ಡ್ ನಂಬರಿಂದ ಫೋನ್ ಮಾಡಿದ್ರೆ ಆರ್ಡರ್ ನಮ್ಮ ಸ್ಕ್ರೀನಲ್ಲೇ ಇರತ್ತೆ, ಕೇಳೋ ಅವಶ್ಯಕತೆನೇ ಇಲ್ಲ. ಅವ್ರು ಒಂದೂವರೆ ನಿಮಿಷ ಬೈದ್ರು, ನಾನು "ಹೂಂ ಸರ್", "ಹೌದಾ" ಅಂತ ಆಗಾಗ ಅಂದೆ ಅಷ್ಟೆ, ಏನೂ ಅನ್ನದೇ ಇದ್ರೆ ಲೈನ್ ಕಟ್ಟಾಯ್ತು ಅನ್ಕೊಂಡು ಇನ್ನೂ ಜೋರಾಗಿ "ಹಲೋ ಹಲೋ" ಅಂತಾರೆ. ಆ ಒಂದೂವರೆ ನಿಮಿಷದಲ್ಲೇ ಹಿಂದಿನ ಎರಡು ಕಾಲ್‌ನ ನೋಟ್ಸ್ ಓದಿ ಮುಗಿಸಿದ್ದೆ.

ಅಲ್ಲೇ ಸಿಕ್ತು ನೋಡಿ ವಿಷ್ಯ. ಮೊದಲ ಸಲ ಕಾಲ್ ತಗೊಂಡವನು ರಿಟರ್ನ್ ಕಾರಣ "ಡ್ಯಾಮೇಜ್" ಅಂತ ಹಾಕಿದಾನೆ. ಯಾಕಂದ್ರೆ ಅವ್ರು ಶುರು ಮಾಡೋದೇ "ಡಬ್ಬಿ ಹರಿದೈತಿ" ಅಂತ, ಅವನು ಅಷ್ಟಕ್ಕೇ ತಡೆದು ಕ್ಷಮೆ ಯಾಚಿಸಿ ಟಿಕೆಟ್ ಹಾಕಿರ್ತಾನೆ. ನಮ್ಮ ಸಿಸ್ಟಮ್‌ನಲ್ಲಿ ಡ್ಯಾಮೇಜ್ ಅಂದ್ರೆ ಆರ್ಡರ್ ಮಾಡಿದ ವಸ್ತುನೇ ಬಂದಿದೆ ಆದ್ರೆ ಕೆಟ್ಟಿದೆ ಅಂತ ಅರ್ಥ. ಪಿಕಪ್‌ಗೆ ಹೋದ ಹುಡುಗನ ಮೊಬೈಲಲ್ಲಿ ಮಿಕ್ಸಿ ಫೋಟೋ ಬರತ್ತೆ, ಕೈಯಲ್ಲಿ ಕೆಟಲ್ ಇರತ್ತೆ, ಮ್ಯಾಚ್ ಆಗ್ಲಿಲ್ಲ ಅಂತ ಒತ್ತಿ ಹೊರಟು ಹೋಗ್ತಾನೆ, ಅವನ ತಪ್ಪೂ ಅಲ್ಲ. ಎರಡನೇ ಸಲ ತಗೊಂಡವಳು ಅದೇ ಟಿಕೆಟ್‌ನ ಮತ್ತೆ ಓಪನ್ ಮಾಡಿದಾಳೆ, ಮತ್ತೆ ಅದೇ ಕಥೆ. ಆಯಪ್ಪಂಗೆ ಕೋಪ ಬಂದಿದ್ದು ಕೆಟಲ್‌ಗಲ್ಲ, ಎರಡು ಸಲ ಬಂದ ಹುಡುಗ್ರು ಓಣಿ ಮುಂದೆ ಇವ್ರನ್ನೇ ಕಳ್ಳನ ಥರ ನೋಡಿ ಹೋಗಿದ್ದಕ್ಕೆ.

ಅವ್ರು ಉಸಿರು ತಗೊಂಡಾಗ ಹೇಳಿದೆ, "ಸರ್, ನೀವು ಮಿಕ್ಸಿ ಹಾಕಿದ್ರಿ, ಕೆಟಲ್ ಬಂತು. ಎರಡು ಸಲ ಹುಡುಗ್ರು ಬಂದು ತಗೊಳ್ದೇ ಹೋದ್ರು. ಅದು ನಿಮ್ಮ ತಪ್ಪಲ್ಲ, ನಾವು ಇಲ್ಲಿ ಕಾರಣ ತಪ್ಪು ಹಾಕಿದ್ವಿ, ಅದಕ್ಕೇ ಅವ್ರು ತಗೊಳ್ಳಕ್ಕಾಗ್ಲಿಲ್ಲ." ಒಂದು ಕ್ಷಣ ಆ ಕಡೆ ಸದ್ದಿಲ್ಲ. ಆಮೇಲೆ "ಹಂಗ ಹೇಳ್ರಿ ಮತ್ತ" ಅಂದ್ರು. ದನಿ ಇಳಿದಿತ್ತು. ಇದಾದ ಮೇಲೆ "ತಪ್ಪಾಗಿದೆ ಸರ್" ಅಂದ್ರೆ ಕೇಳಿಸ್ಕೊಳ್ತಾರೆ, ಇದಕ್ಕಿಂತ ಮುಂಚೆ ಅಂದಿದ್ರೆ "ನಿಮ್ಮ ಸಾರಿ ಕಟ್ಕೊಂಡು ಏನ್ಮಾಡ್ಲಿ" ಅನ್ನೋದು ಗ್ಯಾರಂಟಿ.

ಆಮೇಲೆ ಫೋಟೋ ಬೇಕಿತ್ತು, ಕೆಟಲ್‌ದು ಒಂದು, ಡಬ್ಬಿ ಮೇಲೆ ಅಂಟಿಸಿರೋ ಅಡ್ರೆಸ್ ಚೀಟಿದು ಒಂದು. "ಕಂಪ್ಲೇಂಟ್ ವೆರಿಫೈ ಮಾಡಕ್ಕೆ ಫೋಟೋ ಕಳ್ಸಿ" ಅಂದ್ರೆ ಮತ್ತೆ ಉರಿಯತ್ತೆ, ನನ್ ಮಾತ್ ನಂಬಲ್ವಾ ಅಂತ. ಹಂಗಾಗಿ "ಈ ಸಲ ಬರೋ ಹುಡುಗ ವಾಪಸ್ ಹೋಗ್ಬಾರ್ದು ಅಂದ್ರೆ ಅವನ ಮೊಬೈಲಿಗೆ ಕೆಟಲ್ ಫೋಟೋ ಹೋಗ್ಬೇಕು ಸರ್, ಅದಕ್ಕೆ" ಅಂದೆ. ಮಗಳನ್ನ ಕರೆದು ತೆಗೆಸಿದ್ರು. ಚೀಟಿ ಫೋಟೋ ಯಾಕೆ ಅಂದ್ರೆ, ಪ್ಯಾಕಿಂಗ್ ಟೇಬಲ್ ಮೇಲೆ ಒಂದೇ ಸೈಜಿನ ಎರಡು ಡಬ್ಬಿ ಪಕ್ಕಪಕ್ಕ ಇದ್ದಾಗ ಚೀಟಿ ಅದಲು ಬದಲಾಗತ್ತೆ, ಅದನ್ನ ಹಿಡಿದು ಗೋಡೌನಿನವ್ರು ಇನ್ನೊಂದು ಪಾರ್ಸೆಲ್ ಹುಡುಕಬಹುದು. ಇದನ್ನ ಹೇಳಿದ್ದಕ್ಕೆ ಅವ್ರು, "ಹಂಗಾದ್ರ ಯಾರೋ ಪಾಪ ಚಾ ಕುಡಿಯಾಕ ನಮ್ಮ ಮಿಕ್ಸಿ ಮುಂದ ಕುಂತಿರ್ತಾರಲ್ರೀ" ಅಂದ್ರು. ಈಗ ಇಬ್ರೂ ನಕ್ವಿ.

ಕಾರಣ "ಬೇರೆ ವಸ್ತು ಬಂದಿದೆ" ಅಂತ ಬದಲಾಯಿಸಕ್ಕೆ ಟಿಎಲ್, ಅಂದ್ರೆ ನಮ್ಮ ಟೀಮ್ ಲೀಡರ್ ಒಪ್ಪಿಗೆ ಬೇಕು, ಹೋಲ್ಡ್ ಹಾಕ್ಬೇಕು. "ಎರಡು ನಿಮಿಷ ಇರಿ ಸರ್, ಕೆಲ್ಸ ಆಗ್ದಿದ್ರೂ ಎರಡು ನಿಮಿಷಕ್ಕೆ ವಾಪಸ್ ಬರ್ತೀನಿ" ಅಂದೆ, ಆಗಿರ್ಲಿಲ್ಲ, ಆದ್ರೂ ಬಂದು ಇನ್ನೂ ಎರಡು ನಿಮಿಷ ಕೇಳ್ದೆ. ಇದು ಚಿಕ್ಕ ವಿಷ್ಯ ಅನ್ಸತ್ತೆ, ಆದ್ರೆ ಹೋಲ್ಡ್ ಮ್ಯೂಸಿಕ್ ಐದು ನಿಮಿಷ ಕೇಳಿದ ಮನುಷ್ಯ ಮೊದಲಿನಷ್ಟೇ ಕೋಪಕ್ಕೆ ವಾಪಸ್ ಹೋಗಿರ್ತಾನೆ.

ಕಷ್ಟದ ಭಾಗ ಕೊನೆಗೆ ಬಂತು. ಮಿಕ್ಸಿ ಮಗಳಿಗೆ, ಅವ್ಳು ಭಾನುವಾರ ಪುಣೆಗೆ ಹೊರಡ್ತಾಳೆ. ಸಿಸ್ಟಮ್ ತೋರಿಸಿದ್ದು ಪಿಕಪ್ ಗುರುವಾರ, ಹೊಸ ಮಿಕ್ಸಿ ಶನಿವಾರ. "ಖಂಡಿತ ಬರತ್ತೆ ಸರ್" ಅಂದು ಕಾಲ್ ಮುಗಿಸೋದು ಸುಲಭ, ಎಷ್ಟೋ ಜನ ಹಂಗೇ ಮಾಡೋದು, ನಾನೂ ಮಾಡಿದೀನಿ. ಆದ್ರೆ ನಾಲ್ಕನೇ ಕಾಲ್ ಹುಟ್ಟೋದು ಅಲ್ಲೇ. "ಶನಿವಾರ ಅಂತ ತೋರಿಸ್ತಿದೆ, ನನ್ ಕೈಲಿಲ್ಲ ಅದು. ಶುಕ್ರವಾರ ಸಂಜೆ ಆರರೊಳಗೆ ನಾನೇ ನೋಡಿ ಫೋನ್ ಮಾಡ್ತೀನಿ, ತಡ ಆಗೋ ಹಾಗಿದ್ರೆ ಅವಾಗ್ಲೇ ಕ್ಯಾನ್ಸಲ್ ಮಾಡಿ ರಿಫಂಡ್ ಹಾಕ್ಸೋಣ, ದುಡ್ಡು ಬರಕ್ಕೆ ಕೆಲವು ದಿನ ಆಗತ್ತೆ, ಮಿಕ್ಸಿ ನೀವು ಅಲ್ಲೇ ಅಂಗಡೀಲಿ ತಗೋಬಹುದು" ಅಂದೆ. "ಆತು, ಶುಕ್ರಾರ ಮರೀಬ್ಯಾಡವ್ವಾ" ಅಂದ್ರು. ರೀ ಹೋಗಿ ಅವ್ವಾ ಬಂದಿತ್ತು.

ಕಾಲ್ ಹದಿನಾಲ್ಕು ನಿಮಿಷ ಆಗಿತ್ತು, ನಮ್ಮ ಟಾರ್ಗೆಟ್ ಆರು. ಗುರುವಾರ ಆ ಕಾಲ್ ಕ್ವಾಲಿಟಿಗೆ ಸಿಕ್ಕು ಮಾರ್ಕ್ ಹೋಯ್ತು, ಸ್ಕ್ರಿಪ್ಟಲ್ಲಿರೋ ಹಾಗೆ ಕ್ಷಮೆ ಕೇಳಿಲ್ಲ ಅಂತ. ಟಿಎಲ್ ಹತ್ರ ಜಗಳ ಆಡ್ದೆ, ಅವ್ರು ಹಿಂದಿನ ಎರಡು ಕಾಲ್ ತೆಗೆದು ಕೇಳಿ ಏನೂ ಮಾತಾಡ್ಲಿಲ್ಲ, ಆ ಎರಡರಲ್ಲೂ ಕ್ಷಮೆಗೆ ಫುಲ್ ಮಾರ್ಕ್ಸ್ ಇತ್ತು.

ಶುಕ್ರವಾರ ಐದೂವರೆಗೆ ನೋಡಿದ್ರೆ ಪಾರ್ಸೆಲ್ ಹುಬ್ಬಳ್ಳಿ ದಾಟಿತ್ತು. ಫೋನ್ ಮಾಡಿದೆ. ಹಲೋ ಅನ್ನೋಕೆ ಮುಂಚೆನೇ, "ಕೆಟ್ಲಿ ಒಯ್ದ್ರವ್ವಾ, ಈ ಹುಡುಗಗ ಚಾ ಕುಡಿಸಿ ಕಳ್ಸೀವಿ" ಅಂದ್ರು.