ಪಕ್ಕದ ಮನೆಯ ಅಕ್ಕನಿಗೆ ಬರೆದುಕೊಟ್ಟ ಪಟ್ಟಿ

ಮಗಳ ಬಾಣಂತನಕ್ಕೆಂದು ಆರೇಳು ತಿಂಗಳು ವಿದೇಶಕ್ಕೆ ಹೊರಟಿದ್ದೆ. ಪಕ್ಕದ ಮನೆಯ ಅಕ್ಕನಿಗೆ ಬೀಗದ ಕೈ ಗೊಂಚಲು ಕೊಡಲು ಹೋದರೆ ಅವರು ಕೈ ಚಾಚಲೇ ಇಲ್ಲ. "ಏನೇನು ಒಪ್ಪಿಸ್ತಿದ್ದೀಯ ಅಂತ ಬರೆದುಕೊಡು. ನಂಬಿಕೆ ಇಲ್ಲ ಅಂತಲ್ಲ. ನಾಳೆ ಏನಾದರೂ ಕಾಣದಿದ್ದರೆ ನಾನು ಯಾವ ಬಾಯಲ್ಲಿ ಉತ್ತರ ಹೇಳಲಿ?" ಅಂದರು. ಅವರು ಬಹಳ ವರ್ಷ ಒಂದು ಹಾಸ್ಟೆಲ್ಲಿನ ಉಗ್ರಾಣ ನೋಡಿಕೊಂಡವರು.

ಬರೆದುಕೊಟ್ಟೆ. "ಟಿವಿ, ಸ್ಕೂಟರ್, ಹೊಲಿಗೆ ಯಂತ್ರ, ನಾಲ್ಕು ಕೀ" ಎಂಬಷ್ಟನ್ನು ಓದಿ ಅಕ್ಕ ಕನ್ನಡಕ ತೆಗೆದಿಟ್ಟರು. ಟಿವಿಯ ಅಂಚಿನಲ್ಲಿ ಗೀರಿದೆಯಲ್ಲ, ಅದು ಈಗಲೇ ಇದ್ದದ್ದು ಅಂತ ಎಲ್ಲಿ ಬರೆದಿದ್ದೀಯ? ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿದೆ? ಹೀಗೆ ಕೇಳುತ್ತಲೇ ನನ್ನನ್ನು ನಮ್ಮ ಮನೆಗೇ ಕರೆತಂದರು. ಇಬ್ಬರೂ ಕೋಣೆ ಕೋಣೆ ಸುತ್ತಿ, ಪ್ರತಿ ವಸ್ತುವಿನ ಎದುರು ಅದರ ಈಗಿನ ಸ್ಥಿತಿ ಬರೆದು, ಗೀರು, ಬಿರುಕು ಇದ್ದಲ್ಲಿ ಫೋಟೋ ತೆಗೆದೆವು. ಬೀರುವಿಗೆ ಬೀಗ ಹಾಕಿ ಅದರ ಕೀ ನಾನೇ ಇಟ್ಟುಕೊಂಡೆ. ಪಟ್ಟಿಯಲ್ಲಿ "ಬೀರು, ಬೀಗ ಹಾಕಿದೆ" ಎಂದಷ್ಟೇ ಸೇರಿತು. ಒಳಗೆ ಏನಿದೆ ಎಂಬುದು ಅಕ್ಕನಿಗೆ ಗೊತ್ತಿಲ್ಲದಿರುವುದೇ ಅವರಿಗೆ ನೆಮ್ಮದಿ. ಒಡವೆ, ದಾಖಲೆಪತ್ರಗಳನ್ನು ಹೇಗೂ ಬ್ಯಾಂಕಿನ ಲಾಕರಿಗೆ ಸೇರಿಸಿದ್ದೆ.

ಹೊತ್ತು ಹಿಡಿದದ್ದು ಕೀಗಳು. ನಾನು ಚೀಟಿ ಕಟ್ಟಿ "ಮುಂಬಾಗಿಲು", "ಹಿಂಬಾಗಿಲು" ಎಂದು ಬರೆದಿದ್ದೆ. ಅಕ್ಕ ಅದನ್ನೆಲ್ಲ ಬಿಚ್ಚಿಸಿದರು. ಗೊಂಚಲು ದಾರಿಯಲ್ಲಿ ಬಿದ್ದರೆ, ಸಿಕ್ಕವನಿಗೆ ಅದು ಯಾವ ಮನೆಯದು, ಯಾವ ಬಾಗಿಲಿನದು ಅಂತ ತಿಳಿಯಬಾರದು. ಹಾಗಾಗಿ ಬಿಲ್ಲೆಗಳ ಮೇಲೆ 1, 2, 3, 4 ಎಂಬ ಅಂಕಿ ಮಾತ್ರ. ಯಾವ ಅಂಕಿ ಯಾವ ಬಾಗಿಲಿಗೆ ಎಂಬುದು ಪತ್ರದಲ್ಲಿ. ಪತ್ರ ಒಂದು ಕಡೆ, ಗೊಂಚಲು ಇನ್ನೊಂದು ಕಡೆ.

ಆಮೇಲೆ ಪ್ರತಿಯೊಂದನ್ನೂ ಹೊರಗೆ ನಿಂತು, ಬೀಗ ಹಾಕಿ ತೆಗೆದು ನೋಡಿದೆವು. 3ನೆಯದು ಹಿಂಬಾಗಿಲಿನದು, ಹೊಸದಾಗಿ ಮಾಡಿಸಿದ ನಕಲು. ಬೀಗದೊಳಗೆ ಹೋಯಿತು, ತಿರುಗಲಿಲ್ಲ. ಹೊಸ ನಕಲಿನ ಹಲ್ಲುಗಳಲ್ಲಿ ಕೆಲವೊಮ್ಮೆ ಸಣ್ಣ ಚೂಪು ಅಂಚು ಉಳಿದಿರುತ್ತದೆ. ಬಲ ಹಾಕಿ ತಿರುಗಿಸಿದರೆ ಕೀ ಒಳಗೇ ಮುರಿಯಬಹುದು. ಮಾಡಿದವರ ಬಳಿಯೇ ಒಯ್ದು ಉಜ್ಜಿಸಿ ತಂದ ಮೇಲೆ ತಿರುಗಿತು, ಅದೂ ಬಾಗಿಲನ್ನು ಸ್ವಲ್ಪ ನಮ್ಮ ಕಡೆಗೆ ಎಳೆದು ಹಿಡಿದರೆ ಮಾತ್ರ. ಪತ್ರಕ್ಕೆ ಆ ಸಾಲೂ ಸೇರಿತು. ಅಷ್ಟರಲ್ಲಿ ಅಕ್ಕನಿಗೆ ಇನ್ನೊಂದು ಹೊಳೆಯಿತು: ಹಿಂಬಾಗಿಲಿಗೆ ಒಳಗಿನಿಂದ ಬೋಲ್ಟ್ ಹಾಕಿ ಹೋದರೆ ಈ ಕೀ ಇದ್ದೂ ಏನು ಬಂತು? ಕೊನೆಗೆ ಬೋಲ್ಟ್ ಹಾಕುವುದೆಂದೇ ತೀರ್ಮಾನಿಸಿ, 3ನೆಯದನ್ನು "ಮುಂಬಾಗಿಲಿನಿಂದ ಒಳಗೆ ಹೋಗಿ ಬೋಲ್ಟ್ ತೆಗೆದ ಮೇಲೆ" ಎಂದು ಬರೆದೆವು.

ಕೀ ಯಾರಿಗೆ ಕೊಡಬಹುದು? ನನ್ನ ತಮ್ಮನಿಗೆ ಮಾತ್ರ, ಅದೂ ನಾನು ಫೋನಿನಲ್ಲಿ ಮಾತಾಡಿದ ಮೇಲೆ. ಮೆಸೇಜು ಬಂದರೆ ಸಾಲದು, ನನ್ನ ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದು. ನನ್ನನ್ನು ಕೇಳದೆಯೇ ಏನು ಮಾಡಬಹುದು ಎಂಬುದನ್ನೂ ಬರೆದೆ: ನೀರು ಸೋರಿದರೆ ಪ್ಲಂಬರನ್ನು ಕರೆಸುವುದು, ಇಟ್ಟುಹೋದ ಲಕೋಟೆಯಿಂದ ಹಣ ಕೊಟ್ಟು ರಸೀದಿ ಅದರಲ್ಲೇ ಹಾಕುವುದು. ನನಗೆ ಅಪರಾತ್ರಿ ಆಗಿರುವಾಗ ಅವರು ಅಪ್ಪಣೆಗೆ ಕಾಯುತ್ತ ಕೂರಬಾರದಲ್ಲ. ನೀರಿನ ಮೇನ್ ವಾಲ್ವನ್ನು ಮುಚ್ಚಿಯೇ ಹೋಗುವುದಿತ್ತು. ತಿರುಗಿಸಲು ಹೋದರೆ ವರ್ಷಗಟ್ಟಲೆ ಮುಟ್ಟದ ವಾಲ್ವು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೊರಡುವ ಮುಂಚೆ ಅದನ್ನು ಬದಲಾಯಿಸಿದ್ದಾಯಿತು.

ನಲ್ಲಿ ನಿಂತಿತು, ಫ್ರಿಜ್ ಖಾಲಿ ಮಾಡಿ ಬೂಸು ಹಿಡಿಯದಂತೆ ಬಾಗಿಲು ತೆರೆದಿಟ್ಟದ್ದಾಯಿತು, ಇನ್ನೇನು ಕೆಲಸ ಎಂದುಕೊಂಡರೆ, ಅಕ್ಕ ಬಚ್ಚಲಿನ ಜಾಲರಿ ತೋರಿಸಿದರು. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವ ನೀರೇ ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು. ಬಳಕೆ ನಿಂತರೆ ಆ ನೀರು ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಅದಕ್ಕೆ ಎರಡು ವಾರಕ್ಕೊಮ್ಮೆ ತಮ್ಮ ಮನೆಯಿಂದ ಒಂದು ಬಕೆಟ್ ನೀರು ತಂದು, ಜಾಲರಿಗೂ ಕಮೋಡಿಗೂ ಹೊಯ್ಯುವುದಾಗಿ ತಾವೇ ಬರೆಸಿದರು. ಹೊಲಿಗೆ ಯಂತ್ರವನ್ನು ಬಳಸಬಹುದು ಎಂದು ನಾನು ಬರೆದೆ, ಅವರು ಬೇಡ ಅಂದರೂ.

ಎರಡು ಪ್ರತಿ, ಎರಡರಲ್ಲೂ ಇಬ್ಬರ ಸಹಿ, ತಾರೀಕು. ನಾನು ಊರಲ್ಲಿಲ್ಲದಾಗ ಒಬ್ಬ, ತಮ್ಮನ ಗೆಳೆಯನೆಂದು ಹೇಳಿಕೊಂಡು, ಏನೋ ಕಾಗದ ಬೇಕೆಂದು ಕೀ ಕೇಳಲು ಬಂದಿದ್ದನಂತೆ. ಅಕ್ಕ ಪತ್ರವನ್ನೇ ಅವನ ಮುಂದೆ ಹಿಡಿದು, "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ ತೋರಿಸಿ" ಅಂದರಂತೆ. ಅವನು ನಿಜವಾಗಿಯೂ ತಮ್ಮನ ಗೆಳೆಯನೇ. ತಮ್ಮ ಇವತ್ತಿಗೂ ಅದಕ್ಕೆ ಗೊಣಗುತ್ತಾನೆ. ನಾನಂತೂ ಅಕ್ಕನ ಕಡೆ.