ಕ್ಲಿಪ್ ಹಾಕಿದ ಮದುಮಗಳು, ಆರಡಿ ಫ್ಲೆಕ್ಸು

"ಹಲ್ಲಿನ ಕ್ಲಿಪ್ ತೆಗೀಬೇಕಂತೆ. ಹತ್ತು ನಿಮಿಷದ ಕೆಲಸ, ಸಂಜೆಗೆ ಫ್ಲೆಕ್ಸ್‌ಗೆ ಕಳಿಸ್ಬಿಡು" ಅಂದರು ಓನರ್ರು. ತುಮಕೂರಿನ ನಮ್ಮ ಸ್ಟುಡಿಯೋದಲ್ಲಿ ಎಲ್ಲವೂ ಹತ್ತು ನಿಮಿಷದ್ದೇ. ನಿಶ್ಚಿತಾರ್ಥದ ಫೋಟೊ, ಹುಡುಗಿ ಬಾಯ್ತುಂಬ ನಕ್ಕಿದ್ದಾಳೆ, ಮೇಲಿನ ಸಾಲಿಗೆಲ್ಲ ಮೆಟಲ್ ಕ್ಲಿಪ್ಪು.

ನಮ್ಮ ಸ್ಟುಡಿಯೋ ಹುಡುಗ ಆಗಲೇ ಫೋಟೊಶಾಪ್‌ನಲ್ಲಿ ಹೀಲಿಂಗ್ ಬ್ರಷ್ ಎಳೆದಿದ್ದ. ಅದು ಅಕ್ಕಪಕ್ಕದ ಬಣ್ಣ ಬೆರೆಸುತ್ತೆ. ಪಕ್ಕದಲ್ಲೇ ತಂತಿ ಇದ್ದದ್ದಕ್ಕೆ ಹಲ್ಲಿಗೆಲ್ಲ ಬೂದಿ ಬಳಿದ ಹಾಗಾಗಿತ್ತು. ಲೇಯರ್ ಅಳಿಸಿ ಮೊದಲಿಂದ ಶುರು ಮಾಡಿದೆ.

ಖಾಲಿ ಲೇಯರ್, ಒಂದು ಕಡೆಯದನ್ನು ಹಾಗೇ ಇನ್ನೊಂದು ಕಡೆಗೆ ನಕಲು ಮಾಡೋ ಕ್ಲೋನ್ ಸ್ಟ್ಯಾಂಪ್, ಸ್ಯಾಂಪಲ್ `Current & Below`. ಒಂದೊಂದೇ ಹಲ್ಲನ್ನು ಲ್ಯಾಸೊದಲ್ಲಿ ಕಟ್ಟಿಕೊಂಡೆ, ಇಲ್ಲದಿದ್ದರೆ ಬ್ರಷ್ ಪಕ್ಕದ ಹಲ್ಲಿಗೆ ಜಾರುತ್ತೆ. ಕ್ಲಿಪ್ ಇರೋದು ಹಲ್ಲಿನ ನಡುವೆ. ವಸಡಿನ ಹತ್ತಿರ ಒಂದು ಪಟ್ಟಿ, ಅಂಚಿನಲ್ಲಿ ಒಂದು ಪಟ್ಟಿ ಕಾಣ್ತಾ ಇರುತ್ತೆ. ಮೇಲಿನದು ಸ್ವಲ್ಪ ಹಳದಿ, ಅಂಚಿನದು ತೆಳು, ನೀಲಿ ಛಾಯೆ. ಹಾಗಾಗಿ ಮೇಲರ್ಧಕ್ಕೆ ಮೇಲಿಂದಲೇ, ಕೆಳಗರ್ಧಕ್ಕೆ ಕೆಳಗಿಂದಲೇ ತಗೊಂಡು ನಡುವೆ ಮೆತ್ತಗಿನ ಬ್ರಷ್‌ನಲ್ಲಿ ಸೇರಿಸಿದೆ. ಒಂದೇ ಜಾಗದಿಂದ ತುಂಬಿದರೆ ಕಟ್ಟಿಸಿದ ಹಲ್ಲು ಅಂತ ದೂರದಿಂದಲೇ ಗೊತ್ತಾಗುತ್ತೆ.

ಹೆಚ್ಚು ತಿಣುಕಾಡಿದ್ದು ವಸಡಿಗೆ. ಕ್ಲಿಪ್ಪಿನಿಂದ ಊದಿಕೊಂಡ ವಸಡು ಹಲ್ಲಿನ ಮೇಲೆ ಇಳಿದಿತ್ತು. ಎರಡು ಹಲ್ಲಿನ ಮಧ್ಯೆ ಚೂಪಾಗಿ ಇಳಿಯಬೇಕು, ಹಲ್ಲಿನ ಮೇಲೆ ಕಮಾನಾಗಿ ಏರಬೇಕು. ಮುಂದಿನ ಎರಡಕ್ಕಿಂತ ಅವುಗಳ ಪಕ್ಕದ ಸಣ್ಣ ಹಲ್ಲಿನ ಕಮಾನು ಸಾಮಾನ್ಯವಾಗಿ ಚೂರು ತಗ್ಗಿನಲ್ಲಿರುತ್ತೆ. ಎಲ್ಲವನ್ನೂ ಒಂದೇ ಗೆರೆಗೆ ತಂದರೆ ನಗು ಸತ್ತುಹೋಗುತ್ತೆ.

ಅಷ್ಟೊತ್ತಿಗೆ ಓನರ್ರು ಬೆನ್ನ ಹಿಂದೆ. "ಇನ್ನರ್ಧ ಬಾಯಿಗೆ ಫ್ಲಿಪ್ ಹೊಡಿಯೋ!" ಪ್ರೆಸ್‌ನವನು ಫೋನ್ ಮೇಲೆ ಫೋನ್ ಮಾಡ್ತಿದ್ದ. ಮುಗಿದ ಅರ್ಧವನ್ನು ಕನ್ನಡಿ ಥರ ತಿರುಗಿಸಿ ಹೊಡೆದೆ. ಬೆಳಕು ಎಡಗಡೆಯದು, ಫ್ಲಿಪ್ಪಾದ ಹಲ್ಲುಗಳ ಮಿಂಚು ಬಲಕ್ಕೆ ಹೋಯ್ತು. ಮಿಂಚು ಅಳಿಸಿ ಎಡಕ್ಕೆ ಹಾಕಿದೆ. ಬಾಯಿಯ ಮೂಲೆಗೆ ಹೋದ ಹಾಗೆ ಹಲ್ಲು ಕಪ್ಪಾಗಬೇಕಲ್ಲ, ಅದಕ್ಕೆ ಕರ್ವ್ಸ್ ಇಳಿಸಿದೆ. ಚೆನ್ನಾಗೇ ಕಾಣ್ತು. ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸಿದೆ.

ಹುಡುಗಿಯೇ ಫೋನ್ ಮಾಡಿದಳು. "ಅಣ್ಣಾ, ಚೆನ್ನಾಗಿದೆ. ಆದ್ರೆ ನನ್ನ ಮುಂದಿನ ಹಲ್ಲಲ್ಲಿ ಒಂಚೂರು ಮುಕ್ಕಾಗಿತ್ತಲ್ಲ, ಅದೆಲ್ಲಿ? ಚಿಕ್ಕೋಳಿದ್ದಾಗ ಬಿದ್ದಿದ್ದು. ಅದಿಲ್ದೆ ಯಾರೋ ಥರ ಕಾಣ್ತೀನಿ."

ಜೂಮ್ ಮಾಡಿ ಮೂಲ ಫೋಟೊ ನೋಡಿದೆ. ಆ ಅಂಚಿಗೆ ಕ್ಲಿಪ್ ತಾಗಿಯೇ ಇರಲಿಲ್ಲ, ತಂತಿಯೂ ಮೇಲೇ ಇತ್ತು. ಮುಚ್ಚದೇ ಇದ್ದ ಜಾಗಕ್ಕೆ ನಾವಾಗೇ ಹೊಸ ಹಲ್ಲು ಕಟ್ಟಿದ್ದೆವು. ಅಷ್ಟು ಜಾಗಕ್ಕೆ ನಮ್ಮ ಲೇಯರ್ ಮರೆಯಾಗೋ ಹಾಗೆ ಮಾಸ್ಕ್‌ನಲ್ಲಿ ಕಪ್ಪು ಬಳಿದೆ. ಕೆಳಗಿದ್ದ ಅಸಲಿ ಅಂಚು, ಮುಕ್ಕಿನ ಸಮೇತ, ವಾಪಸ್ ಬಂತು. ಪ್ರೆಸ್‌ನವನಿಗೆ ಕಳಿಸಿದಾಗ ರಾತ್ರಿ ಒಂಬತ್ತೂವರೆ. ಓನರ್ರು ಬಿಲ್ಲಿಗೆ ಬರೆದದ್ದು ಮಾಮೂಲಿ ಕರೆಕ್ಷನ್ ರೇಟು.